ಸಣ್ಣ ಬಿಲ್‌ಗಳು ಸೇರಿ ಲಕ್ಷ ದಾಟಿದಾಗ: ಇಆರ್‌ಪಿಯಲ್ಲಿ ಟಿಡಿಎಸ್ ಹಿಡಿಯುವುದು ಹೇಗೆ?

ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಗೆ ಬಾಯ್ಲರ್ ರಿಪೇರಿ ಮಾಡಿಕೊಡುವ ಸುರತ್ಕಲ್‌ನ ಗುತ್ತಿಗೆದಾರರೊಬ್ಬರು ಇದ್ದಾರೆ ಎನ್ನಿ. 2025-26ರಲ್ಲಿ ಏಪ್ರಿಲ್, ಜೂನ್, ಆಗಸ್ಟ್, ಅಕ್ಟೋಬರ್‌ಗೆ ಒಂದೊಂದರಂತೆ ನಾಲ್ಕು ಬಿಲ್ ಕೊಟ್ಟಿದ್ದಾರೆ. ಪ್ರತಿ ಬಿಲ್‌ಗೆ ಕೂಲಿ 28,000 ರೂಪಾಯಿ, ಜಿಎಸ್‌ಟಿ 5,040. ಆ ವರ್ಷಕ್ಕೆ ಅನ್ವಯವಾಗುವ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಸಿ ಪ್ರಕಾರ ಒಂದೇ ಬಿಲ್ 30,000 ದಾಟಿದರೆ, ಇಲ್ಲವೇ ವರ್ಷದ ಮೊತ್ತ 1 ಲಕ್ಷ ದಾಟಿದರೆ, ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆಯಾದ ಟಿಡಿಎಸ್ ಹಿಡಿಯಬೇಕು. ಗುತ್ತಿಗೆದಾರರು ವ್ಯಕ್ತಿಯಾದ್ದರಿಂದ ದರ ಶೇ 1.

ಲೆಕ್ಕಪತ್ರ ಇಡುವ ಇಆರ್‌ಪಿ ತಂತ್ರಾಂಶ ಇಆರ್‌ಪಿನೆಕ್ಸ್ಟ್‌ನಲ್ಲಿ ಮೊದಲು Tax Withholding Category ತೆರೆದು ಆ ವರ್ಷದ ದರ ಮತ್ತು ಎರಡೂ ಮಿತಿಗಳನ್ನು ತುಂಬಿ, ಸಪ್ಲೈಯರ್ ಖಾತೆಗೆ ಜೋಡಿಸಿ. ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿಕೊಳ್ಳಿ. P ಇದ್ದರೆ ವ್ಯಕ್ತಿ; C ಅಥವಾ F ಇದ್ದರೆ ಕಂಪನಿ, ಪಾಲುದಾರಿಕೆ ಸಂಸ್ಥೆ. ಅವಕ್ಕೆ ಶೇ 2. ಪ್ಯಾನ್ ಇಲ್ಲದಿದ್ದರೆ ಶೇ 20.

ಎಡವುವುದು ಇನ್ನೊಂದು ಕಡೆ. ಮೊದಲ ಮೂರು ಬಿಲ್‌ಗೆ ತೆರಿಗೆ ಬರುವುದಿಲ್ಲವಲ್ಲ ಎಂದು ಎಷ್ಟೋ ಮಂದಿ ಬಿಲ್‌ನಲ್ಲಿರುವ Apply Tax Withholding Amount ಟಿಕ್ ತೆಗೆದುಬಿಡುತ್ತಾರೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಟಿಕ್ ಇರುವ ಬಿಲ್‌ಗಳಷ್ಟೇ ವರ್ಷದ ಲೆಕ್ಕಕ್ಕೆ ಸೇರುತ್ತವೆ. ಆಗ ಅಕ್ಟೋಬರ್ ಬಿಲ್ ಹಾಕಿದರೂ ಇಆರ್‌ಪಿಗೆ ಕಾಣುವುದು 28,000 ಮಾತ್ರ, ಕಡಿತ ಸೊನ್ನೆ. ಹಾಗಾಗಿ ಮೊದಲ ಬಿಲ್‌ನಿಂದಲೇ ಟಿಕ್ ಇರಲಿ. ಮಿತಿಯೊಳಗಿದ್ದರೆ ಅದು ತಾನಾಗಿ ಏನನ್ನೂ ಹಿಡಿಯುವುದಿಲ್ಲ.

ಅಕ್ಟೋಬರ್ 18ರ ನಾಲ್ಕನೇ ಬಿಲ್‌ಗೆ ಒಟ್ಟು 1,12,000 ಆಯಿತು. ಲಕ್ಷದ ಮೇಲಿನ 12,000ಕ್ಕಲ್ಲ, ಪೂರ್ತಿ 1,12,000ಕ್ಕೆ ತೆರಿಗೆ: 1,120 ರೂಪಾಯಿ. ಆ ಬಿಲ್‌ನಲ್ಲಿ ಗುತ್ತಿಗೆದಾರರಿಗೆ ಸಲ್ಲುವುದು 33,040ರಲ್ಲಿ 1,120 ಕಳೆದು 31,920. ಇದನ್ನು ಅವರಿಗೆ ಮೊದಲೇ ಫೋನ್ ಮಾಡಿ ತಿಳಿಸುವುದು ಒಳ್ಳೆಯದು. ಏಪ್ರಿಲ್ ಬಿಲ್‌ನಲ್ಲೇ 330 ಚಿಲ್ಲರೆ ಹಿಡಿದಿದ್ದರೆ, ಜಿಎಸ್‌ಟಿ ಸೇರಿದ 33,040ರ ಮೇಲೆ ಲೆಕ್ಕ ಬಿದ್ದಿದೆ ಎಂದರ್ಥ. ಬಿಲ್‌ನಲ್ಲಿ ಬೇರೆಯಾಗಿ ತೋರಿಸಿದ ಜಿಎಸ್‌ಟಿ ಮೇಲೆ ಟಿಡಿಎಸ್ ಇಲ್ಲ.

ನವೆಂಬರ್ 7ರೊಳಗೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ 94C ಕೋಡ್ ಆರಿಸಿ ಹಣ ಕಟ್ಟಿ. 8ಕ್ಕೆ ಕಟ್ಟಿದರೆ ಅಕ್ಟೋಬರ್, ನವೆಂಬರ್ ಎರಡಕ್ಕೂ ತಿಂಗಳಿಗೆ ಶೇ 1.5ರಂತೆ ಬಡ್ಡಿ ಬೀಳುತ್ತದೆ. ಇಆರ್‌ಪಿಯಲ್ಲಿ ಕಟ್ಟಬೇಕಾದ ಟಿಡಿಎಸ್ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್ ಹಾಕಿ, ಅದೇ ಎಂಟ್ರಿಯಲ್ಲಿ ಬಿಎಸ್ಆರ್ ಕೋಡ್, ದಿನಾಂಕ, ಚಲನ್ ಸಂಖ್ಯೆ ಬರೆದಿಡಿ.

ಜನವರಿ 31ರೊಳಗೆ ಆ ತ್ರೈಮಾಸಿಕದ ಟಿಡಿಎಸ್ ರಿಟರ್ನ್ ಆದ 26ಕ್ಯೂ ಸಲ್ಲಿಸಿ, ಫೆಬ್ರವರಿ 15ರೊಳಗೆ ಗುತ್ತಿಗೆದಾರರಿಗೆ ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16ಎ ಕೊಡಬೇಕು. ಇಆರ್‌ಪಿಯಿಂದ ಮುದ್ರಿಸಿದ ಹಾಳೆ ಇದಕ್ಕೆ ಆಗದು. ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ಜಾಲತಾಣ ಟ್ರೇಸಸ್‌ನಿಂದಲೇ ಇಳಿಸಿಕೊಂಡು, ಒಂದು ಪ್ರತಿಯನ್ನು ಸಪ್ಲೈಯರ್ ಖಾತೆಗೆ ಲಗತ್ತಿಸಿ. ಗುತ್ತಿಗೆದಾರರ ಹೆಸರಿಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್‌ನಲ್ಲಿ ಈ ಮೊತ್ತದ ಎದುರು F ಇದ್ದರೆ ಸರಿ. U ಇದ್ದರೆ ಚಲನ್ ವಿವರ ತಾಳೆಯಾಗಿಲ್ಲ. ತಿದ್ದುಪಡಿ ರಿಟರ್ನ್ ಹಾಕಿ, ಹೊಸ 16ಎ ಕೊಡಿ.