ಮೌಸ್ ಬದಿಗಿಟ್ಟು ಬಸ್ ಸೀಟು ಹಿಡಿಯಿರಿ ನೋಡೋಣ

ಕೈ ನಡುಗುವವರು, ಬಾಯಲ್ಲಿ ಕಡ್ಡಿ ಹಿಡಿದು ಕೀ ಒತ್ತುವವರು ಮೌಸ್ ಮುಟ್ಟುವುದಿಲ್ಲ. ನಿಮ್ಮ ಸೈಟು ಅವರಿಗೆ ಸಿಗುತ್ತದೆಯೇ ಎಂದು ನೋಡಲು ಯಾವ ಸಾಫ್ಟ್‌ವೇರೂ ಬೇಡ. ಮೌಸ್‌ ಕಿತ್ತಿಡಿ, ಅಷ್ಟೆ. ಬಸ್ ಟಿಕೆಟ್ ಕಾಯ್ದಿರಿಸುವ ಪುಟವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲು ಕಂಟ್ರೋಲ್ ಮತ್ತು ಎಲ್ ಒತ್ತಿ. ಕರ್ಸರ್ ವಿಳಾಸದ ಪಟ್ಟಿಗೆ ಹೋಗುತ್ತದೆ. ಅಲ್ಲಿಂದ ಟ್ಯಾಬ್ ಒತ್ತುತ್ತಾ ಹೋಗಿ. ಬ್ರೌಸರ್‌ನದೇ ಕೆಲವು ಬಟನ್ ದಾಟಿದ ಮೇಲೆ ಪುಟದೊಳಕ್ಕೆ ಇಳಿಯುತ್ತೀರಿ. ಈಗ ಯಾವುದರ ಸುತ್ತ ಗೆರೆ ಮೂಡಿದೆಯೋ ಅದೇ ಫೋಕಸ್. ಅದು ಎಲ್ಲೆಲ್ಲಿಗೆ ಹೋಯಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಲ್ಲಿಂದ, ಎಲ್ಲಿಗೆ, ತಾರೀಖು, ಸೀಟು, ಹಣ ಪಾವತಿ: ಕಣ್ಣು ಓದುವ ಸಾಲಿನಲ್ಲೇ ಅದೂ ಹೋಗಬೇಕು.

ನಡುವೆ ಗೆರೆಯೇ ಮಾಯವಾದರೆ? ಅಂದಕ್ಕೆ ಅಡ್ಡಿ ಅಂತ ಡಿಸೈನರ್ ಅದನ್ನು ತೆಗೆದಿರಬಹುದು. ಇಲ್ಲವೇ ಮುಚ್ಚಿಟ್ಟ ಮೆನುವಿನೊಳಗೆ ಫೋಕಸ್ ಸುತ್ತುತ್ತಿರಬಹುದು. ಎಫ್12 ಒತ್ತಿ, ಕನ್ಸೋಲ್‌ನಲ್ಲಿ ಹೀಗೆ ಕೇಳಿ:

```
document.activeElement
```

ಯಾವ ಬಟನ್ ಮೇಲೆ ನಿಂತಿದ್ದೀರಿ ಅಂತ ಅದು ಹೇಳುತ್ತದೆ.

ಜಾಸ್ತಿ ಎಡವಟ್ಟು ಸೀಟಿನ ನಕ್ಷೆಯಲ್ಲಿ. ತಾರೀಖಿನಿಂದ ಟ್ಯಾಬ್ ಒತ್ತಿದರೆ ಫೋಕಸ್ ಸೀಟುಗಳನ್ನೆಲ್ಲ ಹಾರಿ ನೇರ ಪಾವತಿಗೆ ಹೋಗಿಬಿಡುತ್ತದೆ. ಸೀಟಿನ ಚೌಕಗಳನ್ನು ಬರೀ `div` ಹಾಕಿ ಮಾಡಿರುತ್ತಾರೆ, ಅದಕ್ಕೆ. ಮೌಸ್‌ಗೆ ಅದು ಬಟನ್, ಕೀಬೋರ್ಡ್‌ಗೆ ಗೋಡೆ. ನಿಜವಾದ ಬಟನ್ ಹಾಕಿದರೆ ಎಂಟರ್, ಸ್ಪೇಸ್ ಎರಡೂ ತಾವಾಗಿಯೇ ಕೆಲಸ ಮಾಡುತ್ತವೆ:

```
<button type="button" onclick="pickSeat(12)">12</button>
```

ಇದರ ಬದಲು ಸುಮ್ನೆ `tabindex="5"` ಅಂತ ತೇಪೆ ಹಚ್ಚಬೇಡಿ. ಸೊನ್ನೆಗಿಂತ ದೊಡ್ಡ ಸಂಖ್ಯೆ ಕೊಟ್ಟದ್ದು ಪುಟದ ಉಳಿದೆಲ್ಲವನ್ನೂ ಹಿಂದಿಕ್ಕಿ ಮೊದಲು ಬರುತ್ತದೆ, ಸಾಲೇ ಕೆಡುತ್ತದೆ.

ಇಷ್ಟಾದರೂ 40 ಸೀಟಿಗೆ 40 ಸಲ ಟ್ಯಾಬ್ ಒತ್ತಬೇಕು ಅಲ್ವಾ? ಬಾಯಿಕಡ್ಡಿಯವರಿಗೆ ಅದು ಶಿಕ್ಷೆ. ಇಡೀ ನಕ್ಷೆಗೆ ಒಂದೇ ಟ್ಯಾಬ್, ಒಳಗೆ ಓಡಾಡಲು ಬಾಣದ ಕೀ, ಹೀಗೆ ಮಾಡಿದರೆ ಹಗುರ.

ಇನ್ನು ಸೀಟು ಒತ್ತಿದಾಗ ತೆರೆಯುವ ಪ್ರಯಾಣಿಕರ ವಿವರದ ಪಾಪ್‌ಅಪ್. ಫೋಕಸ್ ತಕ್ಷಣ ಅದರೊಳಗೆ ಬರಬೇಕು. ಟ್ಯಾಬ್ ಒತ್ತುತ್ತಾ ಹೋದರೆ ಹಿಂದಿನ ಪುಟದ ಲಿಂಕ್‌ಗಳಿಗೆ ಜಾರಬಾರದು. ಎಸ್ಕೇಪ್ ಒತ್ತಿದರೆ ಮುಚ್ಚಿ, ಫೋಕಸ್ ಅದೇ 12ನೇ ಸೀಟಿಗೆ ಮರಳಬೇಕು. ಮುಚ್ಚಿದ ಮೇಲೆ ಒಂದು ಟ್ಯಾಬ್ ಒತ್ತಿ ನೋಡಿ. ಪುಟದ ತುದಿಯ ಲೋಗೋಗೆ ಹೋದರೆ ಪಾಪ್‌ಅಪ್ ಮುಚ್ಚುವ ಕೋಡ್ ತಪ್ಪಿದೆ. `dialog` ಬಳಸಿ `showModal()` ಇಂದ ತೆರೆದರೆ ಈ ಕೆಲಸದ ಬಹುಪಾಲು ಬ್ರೌಸರೇ ನೋಡಿಕೊಳ್ಳುತ್ತದೆ.

ಕೊನೆಗೆ ಶಿಫ್ಟ್ ಹಿಡಿದು ಟ್ಯಾಬ್ ಒತ್ತಿ, ಬಂದ ದಾರಿಯಲ್ಲೇ ವಾಪಸ್ ಹೋಗಿ. ಎಲ್ಲಾದರೂ ಸಿಕ್ಕಿಬಿದ್ದರೆ ಅದನ್ನೂ ಹಾಳೆಗೆ ಸೇರಿಸಿ. ಮ್ಯಾಕ್‌ನ ಸಫಾರಿಯಲ್ಲಿ ಮಾತ್ರ ಟ್ಯಾಬ್ ಲಿಂಕ್‌ಗಳನ್ನು ಬಿಟ್ಟು ಹೋದರೆ ಡೆವಲಪರ್‌ ಮೇಲೆ ರೇಗಬೇಡಿ. ಅದು ಸಫಾರಿಯದೇ ಸೆಟ್ಟಿಂಗ್, ಅಡ್ವಾನ್ಸ್‌ಡ್ ವಿಭಾಗದಲ್ಲಿ ಟ್ಯಾಬ್ ಕುರಿತ ಆಯ್ಕೆಗೆ ಟಿಕ್ ಹಾಕಿ ಮತ್ತೆ ಶುರು ಮಾಡಿ.