ತಿಂಗಳ ಒಪ್ಪಂದಕ್ಕೆ ಅಂಗಡಿಯವರನ್ನು ಒಪ್ಪಿಸಿದ ಬಗೆ

ದಾವಣಗೆರೆಯ ಅಂಗಡಿಯವರು ಡಿಸೈನಿಗೆಂದು ಪ್ರತಿ ತಿಂಗಳು ಮುಂಗಡ ಕೊಡುವುದು ಕನಸಿನ ಮಾತು ಎಂದು ನನ್ನ ಜೊತೆಯ ಡಿಸೈನರುಗಳು ಹೇಳುತ್ತಿದ್ದರು. ಸುಮಾರು ಎರಡು ವರ್ಷಗಳಿಂದ ಏಳೆಂಟು ಗ್ರಾಹಕರು ಹಾಗೆಯೇ ಕೊಡುತ್ತಿದ್ದಾರೆ. ನನ್ನ ಆದಾಯದ ಮುಕ್ಕಾಲು ಪಾಲು ತಿಂಗಳ ಮೊದಲ ವಾರದಲ್ಲೇ ಖಾತೆಗೆ ಬಂದಿರುತ್ತದೆ.

ಮೊದಲು ಗಂಟೆಗಳ ಲೆಕ್ಕದಲ್ಲಿ ಮಾರಿ ನೋಡಿದೆ. "ಒಂದು ಬ್ಯಾನರಿಗೆ ಮೂರು ಗಂಟೆ ಯಾಕ್ರೀ?" ಎಂಬ ಚರ್ಚೆಯಲ್ಲೇ ಅದು ಮುಗಿಯಿತು. ಆಮೇಲೆ ತಿಂಗಳಿಗೆ ಇಷ್ಟು ಹಣ, ಕೆಲಸ ಎಷ್ಟಾದರೂ ಸರಿ ಎಂದೆ. ಆಷಾಢದ ರಿಯಾಯಿತಿ ಮಾರಾಟ ಬಂದಾಗ ಒಂದೇ ಬಟ್ಟೆ ಅಂಗಡಿಯಿಂದ ಮೂವತ್ತು ನಲವತ್ತು ಕೆಲಸ ಬಂದು, ಉಳಿದವರೆಲ್ಲ ಕಾಯಬೇಕಾಯಿತು.

ಕೊನೆಗೆ ನಿಂತದ್ದು ಎಣಿಸಿ ಕೊಡುವ ಕ್ರಮ. ಒಂದು ಬೇಕರಿಗೆ ತಿಂಗಳಿಗೆ ₹9,000: ಎಂಟು ಪೋಸ್ಟ್, ಒಂದು ಮುದ್ರಣದ ಕೆಲಸ, ತಲಾ ಎರಡು ಸುತ್ತು ತಿದ್ದುಪಡಿ. ಉಳಿದದ್ದು ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಹೋದರೆ ಎಲ್ಲವೂ ದೀಪಾವಳಿಯ ವಾರದಲ್ಲಿ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಗ್ರಾಹಕರನ್ನು ಆರಿಸುವಾಗ ನಾನು ನೋಡುವುದು ಒಂದೇ: ಅವರ ಬಳಿ ಮೇಲಿಂದ ಮೇಲೆ ಹಳತಾಗುವ ವಿಷಯ ಏನಿದೆ? ಬೇಕರಿಯಲ್ಲಿ ದರಪಟ್ಟಿ, ಕೋಚಿಂಗ್ ಸೆಂಟರಿನಲ್ಲಿ ಹೊಸ ಬ್ಯಾಚಿನ ವಿವರ. ಲೋಗೋ ಮಾತ್ರ ಬೇಕೆನ್ನುವವರಿಂದ ತಿಂಗಳ ಆದಾಯ ಹುಟ್ಟುವುದಿಲ್ಲ.

ಆ ಬೇಕರಿಯ ಹಳೆಯ ಫೈಲುಗಳೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದುದರಿಂದ, ವಾಟ್ಸಾಪಿನಲ್ಲಿ ಬಂದ ಹೆಸರುಗಳನ್ನು ಅಂಟಿಸಿದರೆ ಅಕ್ಷರ ಕೆಡುತ್ತಿತ್ತು. ಮೊದಲ ತಿಂಗಳಲ್ಲೇ ಎಲ್ಲವನ್ನೂ ಯೂನಿಕೋಡಿಗೆ ತಂದು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಅಂತರ ಹೊಂದಿಸಿಟ್ಟೆ. ಈಗ ತುಪ್ಪದ ಬೆಲೆ ಏರಿದರೆ ಹತ್ತು ನಿಮಿಷದಲ್ಲಿ ಹೊಸ ಪಟ್ಟಿ ಹೋಗುತ್ತದೆ. ಅವರು ನನ್ನನ್ನು ಬಿಡದಿರಲು ಮುಖ್ಯ ಕಾರಣ ಆ ಹತ್ತು ನಿಮಿಷವೇ. ಮೊದಲ ಭೇಟಿಯಲ್ಲಿ ಏನನ್ನು ತೋರಿಸಿ ಒಪ್ಪಿಸುತ್ತೇನೆ ಎಂಬುದು ನನ್ನ ಹೊಟ್ಟೆಪಾಡಿನ ವಿಷಯವಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಹಣ ಬರುವುದು ಯುಪಿಐ ಆಟೋಪೇ ಮೂಲಕ. ಸಾಮಾನ್ಯವಾಗಿ ₹15,000ದವರೆಗಿನ ಕಂತಿಗೆ ಪ್ರತಿ ಸಲ ಪಿನ್ ಕೇಳುವುದಿಲ್ಲ. ಆದ್ದರಿಂದ ನನ್ನ ಯಾವ ದರವೂ ಆ ಮಿತಿ ದಾಟುವುದಿಲ್ಲ. ಗ್ರಾಹಕರು ಯಾವಾಗ ಬೇಕಾದರೂ ಅದನ್ನು ರದ್ದು ಮಾಡಬಹುದು, ಖಾತೆಯಲ್ಲಿ ಹಣವಿಲ್ಲದೆ ಕಂತು ವಿಫಲವಾಗುವುದೂ ಉಂಟು. ಹೀಗಾಗಿ ಹಣ ಬಂದ ಮೇಲೆಯೇ ಆ ತಿಂಗಳ ಕೆಲಸ ಶುರು. ಬಿಲ್ಲಿಗೇ ಹಣ ಕೊಡುವ ದೊಡ್ಡ ಸಂಸ್ಥೆಗಳಿಗೆ, ನನ್ನದು ಸಣ್ಣ ಉದ್ಯಮ ಎಂದು ತೋರಿಸುವ ಸರ್ಕಾರಿ ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ಲಿನಲ್ಲೇ ಮುದ್ರಿಸುತ್ತೇನೆ. 2006ರ ಎಂಎಸ್ಎಂಇ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಅಂಥ ಉದ್ಯಮಗಳಿಗೆ ಹಣ ಕೊಡಲು 45 ದಿನಗಳಿಗಿಂತ ಹೆಚ್ಚು ಗಡುವು ಇಡುವಂತಿಲ್ಲ ಎಂಬುದು ಅವರ ಲೆಕ್ಕಪತ್ರದವರಿಗೆ ಗೊತ್ತಿರುತ್ತದೆ.

ನಡುವೆ ಹಬ್ಬದ ಶುಭಾಶಯದ ಟೆಂಪ್ಲೇಟುಗಳನ್ನೂ ಮಾರಿ ನೋಡಿದೆ. ತಿಂಗಳಿಗೆ ನಾನೂರು ಐನೂರು ರೂಪಾಯಿ ದಾಟಲಿಲ್ಲ. ಒಂಬತ್ತನೆಯ ಗ್ರಾಹಕರನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಗಣೇಶ ಚತುರ್ಥಿಯ ಹಿಂದಿನ ವಾರದಲ್ಲಿ ಎಂಟು ಜನರ ಕೆಲಸವನ್ನು ಹೇಳಿದ ದಿನಕ್ಕೆ ಮುಟ್ಟಿಸುವುದೇ ಒಬ್ಬರ ಕೈಯಲ್ಲಿ ಆಗುವ ಗರಿಷ್ಠ ಕೆಲಸ.