ರಾಜೀನಾಮೆಗೆ ಮುಂಚೆ ಆಫರ್ ಲೆಟರ್ ಕೇಳುವ ಒಂದು ದಾರಿ

ತೋರಣಗಲ್ಲು, ಗಿಣಿಗೇರಾ ಕಡೆ ಕೆಲಸ ಬದಲಾಯಿಸುವವರಿಗೆ. ಫೋನಿನಲ್ಲಿ "ಸೆಲೆಕ್ಟ್ ಆಗಿದ್ದೀರಿ, ಯಾವಾಗ ಸೇರ್ತೀರಿ?" ಎಂದರೆ ತಾರೀಖು ಹೇಳಬೇಡಿ, ದಿನಗಳ ಲೆಕ್ಕ ಹೇಳಿ: "ತುಂಬಾ ಖುಷಿ ಆಯ್ತು ಸರ್. ನನಗೆ ಇಲ್ಲಿ 30 ದಿನ ನೋಟಿಸ್ ಇದೆ. ಆಫರ್ ಲೆಟರ್ ಮೇಲ್ ಬಂದ ದಿನವೇ ರಾಜೀನಾಮೆ ಕೊಟ್ಟು, 31ನೇ ದಿನ ಸೇರ್ತೀನಿ." ಇದರಲ್ಲಿ ಅವರ ಮೇಲೆ ಅನುಮಾನ ತೋರಿಸುವ ಮಾತೇ ಇಲ್ಲ, ಅಲ್ವಾ? ಲೆಟರ್ ತಡವಾದರೆ ನೀವು ಸೇರುವುದೂ ತಡ, ಹಾಗಾಗಿ ಅವಸರ ಅವರಿಗೇ ಇರುತ್ತದೆ. ಬಂದ ಲೆಟರಿನಲ್ಲಿ ಹುದ್ದೆ, ಸಂಬಳ, ಕೆಲಸದ ಜಾಗ, ಸೇರುವ ದಿನ ಇರಬೇಕು. ಸಂಬಳ ಯಾರು ಕೊಡುತ್ತಾರೆ, ಕಂಪನಿಯೋ ಗುತ್ತಿಗೆದಾರರೋ, ಅದನ್ನೂ ನೋಡಿ. ನಮ್ಮ ಕಡೆ ಮೋಸ ಹೋಗುವುದು ಇಲ್ಲೇ ಜಾಸ್ತಿ. "ಮೆಡಿಕಲ್ ಪಾಸಾದರೆ ಮಾತ್ರ" ಎಂದು ಬರೆದಿದ್ದರೆ ಅದು ಮುಗಿಯುವವರೆಗೆ ರಾಜೀನಾಮೆ ಬೇಡ. ನಾಳೆಯೇ ಜನ ಬೇಕು ಎನ್ನುವವರ ಹತ್ತಿರ ಈ ಉಪಾಯ ನಡೆಯುವುದಿಲ್ಲ. ರೈಸ್ ಮಿಲ್, ಜೀನ್ಸ್ ಘಟಕದಂಥ ಕಡೆ ಲೆಟರ್ ಕೊಡುವ ರೂಢಿಯೇ ಇಲ್ಲದಿರಬಹುದು. ಅಲ್ಲಿ ಮಾಲೀಕರಿಗೆ, "ಅಣ್ಣಾ, ಒಂದನೇ ತಾರೀಖಿನಿಂದ ಬರ್ತೀನಿ, ಸಂಬಳ 22,000 ಅಂತ ಮಾತಾಗಿದೆ, ಸರಿ ಅಲ್ವಾ?" ಎಂದು ವಾಟ್ಸಾಪ್ ಮಾಡಿ, ಉತ್ತರ ಬರುವವರೆಗೆ ಕಾಯಿರಿ. ಲೆಟರಿನಷ್ಟು ಗಟ್ಟಿಯಲ್ಲ, ಆದರೂ ಬರವಣಿಗೆಯಲ್ಲಿ ಇರುತ್ತದೆ.